ಚಿತ್ರದಲ್ಲಿ ಗೋಡೆ ಒಡೆದರೆ ನೆಲ ಎಲ್ಲಿಂದ ಬರಬೇಕು?

ಹಾಲ್‌ಗೂ ಅಡುಗೆಮನೆಗೂ ನಡುವೆ ಇರುವ ಅಡ್ಡಗೋಡೆಯನ್ನು ತೆಗೆಸಿದರೆ ಮನೆ ವಿಶಾಲವಾಗಿ ಕಂಡೀತೆಂದು ತಂದೆತಾಯಿಗೆ ಅನ್ನಿಸುತ್ತದೆ. ಗಾರೆಯವರನ್ನು ಕರೆಸುವ ಮುನ್ನ ಅದು ಹೇಗಿರುತ್ತದೆಂದು ಕಣ್ಣಾರೆ ನೋಡುವ ಆಸೆ. ಆರ್ಕಿಟೆಕ್ಚರ್ ಓದುತ್ತಿರುವ ಮಗಳ ಕೈಗೆ ಹಾಲ್‌ನ ಫೋಟೋ ಕೊಟ್ಟು, “ಇದರಲ್ಲಿ ಗೋಡೆ ಅಳಿಸಿ ತೋರಿಸಮ್ಮ” ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಗೋಡೆ ಅಳಿಸಲು ಐದು ನಿಮಿಷ ಸಾಕು. ತೊಡಕು ಇರುವುದು ಆಮೇಲೆ. ಗೋಡೆಯ ಹಿಂದೆ ಏನಿದೆ ಎಂಬುದನ್ನು ಕ್ಯಾಮೆರಾ ಕಂಡೇ ಇಲ್ಲವಲ್ಲ! ಅಲ್ಲಿಯ ನೆಲವನ್ನೂ ಸೂರನ್ನೂ ಹೊಸದಾಗಿ ಸೃಷ್ಟಿಸಬೇಕು.

ಹೊಸಬರು ಸಾಮಾನ್ಯವಾಗಿ ಮುಂದಿನ ಟೈಲ್ಸ್ ತುಂಡನ್ನು ನಕಲು ಮಾಡಿ ಹಿಂದಕ್ಕೆ ಅಂಟಿಸುತ್ತಾರೆ. ಆಗ ನೆಲ ಎದ್ದುನಿಂತ ಗೋಡೆಯಂತೆ ಕಾಣುತ್ತದೆ. ದೂರ ಹೋದಂತೆ ಟೈಲ್ಸ್ ಚಿಕ್ಕದಾಗಬೇಕೆಂದು ಎಲ್ಲರಿಗೂ ಗೊತ್ತು. ಎಷ್ಟು ಚಿಕ್ಕದು ಎನ್ನುವುದರಲ್ಲೇ ಎಡವುವುದು. ಅದಕ್ಕೊಂದು ಸರಳ ಲೆಕ್ಕವಿದೆ.

ಕ್ಯಾಮೆರಾವನ್ನು ನೆಲದಿಂದ 5 ಅಡಿ ಎತ್ತರದಲ್ಲಿ, ಮೇಲಕ್ಕೂ ಕೆಳಕ್ಕೂ ಬಾಗಿಸದೆ, ಗೋಡೆಗೆ ನೇರವಾಗಿ ಹಿಡಿಯಲಾಗಿದೆ ಎನ್ನೋಣ. ಹಾಲ್‌ನ ಟೈಲ್ಸ್ ಸಾಲಿನಲ್ಲಿ ಹಿಂದಕ್ಕೆ ಓಡುವ ಗೆರೆಗಳನ್ನು ಚಿತ್ರದ ಮೇಲೆ ಉದ್ದಕ್ಕೆ ಎಳೆದರೆ ಅವೆಲ್ಲ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಆ ಬಿಂದುವಿನ ಮೂಲಕ ಅಡ್ಡಕ್ಕೆ ಹಾಯುವ ಗೆರೆಯೇ ಕ್ಯಾಮೆರಾದ ಕಣ್ಣಿನ ಮಟ್ಟ. ನೆಲದ ಯಾವುದೇ ಜಾಗ ಈ ಗೆರೆಯಿಂದ ಎಷ್ಟು ಕೆಳಗೆ ಬೀಳುತ್ತದೆ ಎನ್ನುವುದು ಅದರ ದೂರಕ್ಕೆ ವಿಲೋಮ: ದೂರ ಎರಡರಷ್ಟಾದರೆ ಇಳಿತ ಅರ್ಧ.

ಅಡ್ಡಗೋಡೆ 10 ಅಡಿ ದೂರದಲ್ಲಿದ್ದು, ಅದರ ಬುಡ ಕಣ್ಣಿನ ಗೆರೆಯಿಂದ 600 ಪಿಕ್ಸೆಲ್ ಕೆಳಗಿದೆಯೆನ್ನಿ. ಟೇಪು ಹಿಡಿದು ಅಳೆದಾಗ ಅಡುಗೆಮನೆಯ ಹಿಂಗೋಡೆ 20 ಅಡಿಗೆ ಬಂತು. ಅದರ ಬುಡ 300 ಪಿಕ್ಸೆಲ್ ಕೆಳಗೆ ಕೂರಬೇಕು. ಟೈಲ್ಸ್ 2 ಅಡಿಯದಾದರೆ ನಡುವಿನ ಅಡ್ಡಗೆರೆಗಳು 500, 429, 375, 333ರಲ್ಲಿ ಬೀಳುತ್ತವೆ. ಮೊದಲ ಟೈಲ್ಸಿಗೆ 100 ಪಿಕ್ಸೆಲ್ ಸಿಕ್ಕಿದರೆ ಐದನೆಯದಕ್ಕೆ ಬರೀ 33! ಅಂದಾಜಿನ ಮೇಲೆ ಗೆರೆ ಎಳೆದವರು ಇಷ್ಟು ಬೇಗ ಕುಗ್ಗಿಸಲು ಧೈರ್ಯ ಮಾಡುವುದಿಲ್ಲ.

ಲೆಕ್ಕ ಸರಿಯಾಯಿತೇ ಎಂದು ನೋಡುವ ಉಪಾಯ ಬಹಳ ಹಳೆಯದು. ಇಟಲಿಯ ಲಿಯಾನ್ ಬಟಿಸ್ಟಾ ಆಲ್ಬರ್ಟಿ 1435ರಲ್ಲಿ ಚಿತ್ರಕಲೆಯ ಬಗ್ಗೆ ಬರೆದ ಗ್ರಂಥದಲ್ಲೇ ಅದನ್ನು ಹೇಳಿದ್ದಾನೆ. ಒಂದು ಚೌಕದ ಮೂಲೆಯಿಂದ ಮೂಲೆಗೆ ಕರ್ಣ ಎಳೆದು ಮುಂದುವರಿಸಿದರೆ, ಅದು ಹಿಂದಿನ ಚೌಕಗಳ ಮೂಲೆಗಳನ್ನೂ ಮುಟ್ಟುತ್ತಾ ನೇರವಾಗಿ ಸಾಗಬೇಕು. ಮೂಲೆಗಳು ಆ ಗೆರೆಯಿಂದ ಆಚೀಚೆ ಸರಿದಿದ್ದರೆ ನೆಲ ತಪ್ಪಿದೆಯೆಂದೇ ಅರ್ಥ. ಫೋಟೋಶಾಪ್‌ಗೆ 2005ರಲ್ಲಿ ಸೇರಿದ Vanishing Point ಎಂಬ ಸೌಲಭ್ಯವೂ ನೆಲದ ನಾಲ್ಕು ಮೂಲೆ ಗುರುತಿಸಿಕೊಂಡು ಇದೇ ಕುಗ್ಗಿಸುವ ಕೆಲಸ ಮಾಡಿಕೊಡುತ್ತದೆ. ಆದರೆ ಹಿಂಗೋಡೆ ಎಲ್ಲಿ ನಿಲ್ಲಬೇಕೆಂಬುದು ಅದಕ್ಕೆ ತಿಳಿಯದು. ಅದಕ್ಕೆ ಟೇಪೇ ಬೇಕು.

ಸೂರಿಗೂ ಇದೇ ಲೆಕ್ಕ. ಸೂರು 10 ಅಡಿ ಎತ್ತರವಿದ್ದರೆ ಅದು ಕಣ್ಣಿನ ಮಟ್ಟದಿಂದ 5 ಅಡಿ ಮೇಲೆ. ಹಾಗಾಗಿ ಹಿಂಗೋಡೆಯ ತುದಿ ಗೆರೆಯಿಂದ 300 ಪಿಕ್ಸೆಲ್ ಮೇಲೆ. ಬಿಳಿ ಸೂರಿನಲ್ಲಿ ಟೈಲ್ಸಿನ ಗೆರೆಗಳಿಲ್ಲದ ಕಾರಣ ಅಳತೆಯ ತಪ್ಪು ಬೇಗ ಗೊತ್ತಾಗುವುದಿಲ್ಲ, ಗೊತ್ತಾಗುವುದು ಬೆಳಕಿನ ತಪ್ಪು. ಗೋಡೆ ಹೋದ ಮೇಲೆ ಅಡುಗೆಮನೆಯ ಕಿಟಕಿಯ ಬೆಳಕು ಹಾಲ್‌ಗೂ ಬರಬೇಕಲ್ಲವೇ? ಸೂರು ಆ ಕಡೆಗೆ ತುಸು ಬೆಳ್ಳಗಾಗಬೇಕು, ನುಣುಪು ಟೈಲ್ಸಿನ ಮೇಲೆ ಕಿಟಕಿಯ ಹೊಳಪು ಉದ್ದಕ್ಕೆ ಚಾಚಬೇಕು. ಅಳಿಸಿದ ಗೋಡೆಯ ನೆರಳು ಹಾಲ್‌ನ ನೆಲದಲ್ಲೇ ಉಳಿದುಬಿಟ್ಟರಂತೂ ಕೆಲಸ ಕೆಟ್ಟಿತು.

ಇಷ್ಟಾದರೂ ಒಂದು ಸಂಗತಿ ಉಳಿಯುತ್ತದೆ. ನಾಲ್ಕೂವರೆ ಇಂಚಿನ ಗೋಡೆ ನಿಂತಿದ್ದ ಜಾಗದಲ್ಲಿ ಟೈಲ್ಸ್ ಇರುವುದಿಲ್ಲ. ಎರಡೂ ಕೋಣೆಯ ಸಾಲುಗಳು ಒಂದಕ್ಕೊಂದು ಹೊಂದುವುದೂ ಅಪರೂಪ. ನಿಜವಾಗಿ ಒಡೆದಾಗ ಅಲ್ಲೊಂದು ಪಟ್ಟಿ ಬೇರೆ ಕಲ್ಲು ಕೂರಿಸಬೇಕಾಗುತ್ತದೆ. ಚಿತ್ರದಲ್ಲಿ ಅದು ಸುಮಾರು 22 ಪಿಕ್ಸೆಲ್ ಅಗಲ. ಅಂದ ಕೆಡುತ್ತದೆಂದು ಅದನ್ನು ಬಿಟ್ಟರೆ ಮನೆಯವರು ಆಗದ ನೆಲವನ್ನು ನೋಡಿ ಒಪ್ಪಿಗೆ ಕೊಟ್ಟಂತಾಗುತ್ತದೆ.

ಗೋಡೆ 9 ಇಂಚಿನದಾಗಿದ್ದರೆ ವಿಷಯ ಇನ್ನೂ ಗಂಭೀರ. ಹಳೆಯ ಇಟ್ಟಿಗೆ ಮನೆಗಳಲ್ಲಿ ಇಂಥ ಗೋಡೆ ಮೇಲಿನ ತಾರಸಿಯ ಭಾರವನ್ನೇ ಹೊತ್ತಿರಬಹುದು. ಹೊತ್ತಿದೆಯೇ ಇಲ್ಲವೇ ಎಂದು ಫೋಟೋ ನೋಡಿ ಹೇಳಲಾಗದು, ಎಂಜಿನಿಯರ್ ಬಂದು ನೋಡಬೇಕು. ಹೊತ್ತಿದ್ದರೆ ಗೋಡೆಯ ಬದಲಿಗೆ ತೊಲೆ ಬರುತ್ತದೆ, ಅದು ಚಿತ್ರದಲ್ಲೂ ಇರಬೇಕು. ಒಂದು ಅಡಿ ಆಳದ ತೊಲೆ 10 ಅಡಿ ದೂರದಲ್ಲಿ 120 ಪಿಕ್ಸೆಲ್ ಕೆಳಗೆ ಜೋತುಬಿದ್ದು, ತನ್ನ ಹಿಂದಿನ ಎರಡೂವರೆ ಅಡಿ ಸೂರನ್ನು ಮರೆಮಾಡುತ್ತದೆ.