ಒಂದೇ ಬತ್ತಿ, ಮೂರು ಮೇಣ

ಒಂದೇ ಅಳತೆಯ ಮೂರು ಗಾಜಿನ ಲೋಟಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದೆ. ಮೂರರ ಒಳಗಿನ ಅಗಲವೂ 6.5 ಸೆಂಟಿಮೀಟರ್. ಮೊದಲನೆಯದರಲ್ಲಿ ಪ್ಯಾರಾಫಿನ್, ಎರಡನೆಯದರಲ್ಲಿ ಸೋಯಾ ಮೇಣ, ಮೂರನೆಯದರಲ್ಲಿ ಜೇನುಮೇಣ. ನಡುವೆ ನಿಲ್ಲಿಸಿದ ಬತ್ತಿ ಮಾತ್ರ ಒಂದೇ ಪೊಟ್ಟಣದ್ದು, ಒಂದೇ ದಪ್ಪದ್ದು. ಮೂರನ್ನೂ ಒಟ್ಟಿಗೆ ಹಚ್ಚಿ ಕಾಯುತ್ತಾ ಕೂತೆ.

ಅರ್ಧ ಗಂಟೆಯೊಳಗೆ ಪ್ಯಾರಾಫಿನ್ನಿನ ಉರಿ ಉದ್ದವಾಗಿ ಕುಣಿಯತೊಡಗಿತು. ಲೋಟದ ಬಾಯಂಚಿಗೆ ಕಾಡಿಗೆ ಹಿಡಿಯಿತು, ಬತ್ತಿಯ ತುದಿಯಲ್ಲಿ ಅಣಬೆಯಂತೆ ಕರಿ ಗಂಟುಕಟ್ಟಿತು. ಸೋಯಾ ಶಾಂತವಾಗಿ ಉರಿಯಿತು. ಎರಡೂವರೆ ಗಂಟೆಯಾದಾಗ ಅಂಚಿನಲ್ಲಿ ಬೆರಳಗಲಕ್ಕಿಂತ ಕಡಿಮೆ ಮೇಣ ಕರಗದೆ ಉಳಿದಿತ್ತು. ಜೇನುಮೇಣದ ಉರಿಯೋ ಸಾಸಿವೆಯಷ್ಟಾಯಿತು. ನಡುವೆ ಸಣ್ಣದೊಂದು ಗುಂಡಿ ತೋಡಿಕೊಂಡು ಇಳಿದು, ತಾನೇ ಕರಗಿಸಿದ ಮೇಣದಲ್ಲಿ ಮುಳುಗಿ ಆರಿಹೋಯಿತು.

ಮನೆಯಲ್ಲಿ ಕ್ಯಾಂಡಲ್ ಮಾಡಲು ಹೊರಟವರು ಸಾಮಾನ್ಯವಾಗಿ ಮೇಣ ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ಆ ಮೇಣಕ್ಕೆ, ಈ ಅಗಲದ ಪಾತ್ರೆಗೆ ಎಷ್ಟು ದಪ್ಪದ ಬತ್ತಿ ಎನ್ನುವುದನ್ನೂ ಅದರ ಜೊತೆಗೇ ಕೇಳಬೇಕು. ಗಟ್ಟಿ ಮೇಣಕ್ಕೆ ನೇರವಾಗಿ ಬೆಂಕಿ ಹತ್ತುವುದಿಲ್ಲ. ಉರಿಯ ಕಾವಿಗೆ ಮೇಣ ಕರಗುತ್ತದೆ, ಕರಗಿದ್ದನ್ನು ಬತ್ತಿ ಹೀರಿ ಮೇಲಕ್ಕೆ ಎತ್ತುತ್ತದೆ, ತುದಿಯಲ್ಲಿ ಅದು ಆವಿಯಾಗುತ್ತದೆ. ಉರಿಯುವುದು ಆ ಆವಿ. ಬತ್ತಿ ಎತ್ತಿಕೊಡುವ ಮೇಣ ಹೆಚ್ಚಾದರೆ ಅಷ್ಟಕ್ಕೂ ಗಾಳಿ ಸಾಲದೆ ಮಸಿ ಹುಟ್ಟುತ್ತದೆ. ಕಡಿಮೆಯಾದರೆ ಉರಿಗೆ ಸುತ್ತಲಿನ ಮೇಣ ಕರಗಿಸುವಷ್ಟು ಶಕ್ತಿ ಇರುವುದಿಲ್ಲ. ಪ್ಯಾರಾಫಿನ್ ಹೊಗೆಯಾಡುತ್ತದೆ, ಸೋಯಾ ಹೊಗೆಯಾಡುವುದಿಲ್ಲ ಎಂಬ ಮಾತು ಅದಕ್ಕೇ ಅರೆಸತ್ಯ. ಬತ್ತಿ ಅತಿ ದಪ್ಪವಾದರೆ ಸೋಯಾ ಕೂಡ ಗೋಡೆಗೆ ಮಸಿ ಬಳಿಯುತ್ತದೆ.

ದೇವರ ಮನೆಯ ಹತ್ತಿಬತ್ತಿಯನ್ನೇ ಹೊಸೆದು ಹಾಕಿದರೆ ಆಗದೇ ಎಂದು ಹಲವರು ಕೇಳುತ್ತಾರೆ. ಆಗುವುದಿಲ್ಲ, ಕಾರಣ ತಿಳಿಯಬೇಕಾದ್ದು. ಹಣತೆಯಲ್ಲಿ ಎಣ್ಣೆ ಮೊದಲೇ ದ್ರವವಾಗಿದೆ. ಕುಡಿ ಕರಿಕಟ್ಟಿದರೆ ನಾವು ಕೈಯಿಂದ ಕರಿ ಉದುರಿಸಿ ಬತ್ತಿಯನ್ನು ಮುಂದಕ್ಕೆ ಸರಿಸುತ್ತೇವೆ. ಕ್ಯಾಂಡಲ್‌ನಲ್ಲಿ ಮೇಣದ ಮಟ್ಟ ಇಳಿಯುತ್ತಾ ಹೋಗುತ್ತದೆ, ಬತ್ತಿ ತನ್ನನ್ನು ತಾನೇ ಮೋಟು ಮಾಡಿಕೊಳ್ಳಬೇಕು. ಅಂಗಡಿಯ ಕ್ಯಾಂಡಲ್ ಬತ್ತಿಯನ್ನು ಹತ್ತಿರದಿಂದ ನೋಡಿದರೆ ಅದು ಜಡೆಯಂತೆ ಹೆಣೆದದ್ದು. ಉರಿಯುವಾಗ ಆ ಹೆಣಿಗೆಯ ಬಿಗುವಿಗೆ ತುದಿ ಒಂದು ಪಕ್ಕಕ್ಕೆ ಬಾಗಿ, ಜ್ವಾಲೆಯ ಹೊರ ಅಂಚಿಗೆ ತಲುಪುತ್ತದೆ. ಅಲ್ಲಿ ಗಾಳಿ ಸಿಗುವುದರಿಂದ ಬೂದಿಯಾಗಿ ಉದುರುತ್ತದೆ. ಹೆಣೆದ ಬತ್ತಿ ಬಂದದ್ದು 1820ರ ದಶಕದಲ್ಲಿ, ಫ್ರಾನ್ಸಿನಲ್ಲಿ. ಅದಕ್ಕೂ ಮೊದಲು ಕ್ಯಾಂಡಲ್ ಹಚ್ಚಿದವರು ಕತ್ತರಿ ಹಿಡಿದು ಆಗಾಗ ಕುಡಿ ಕತ್ತರಿಸುತ್ತಲೇ ಇರಬೇಕಿತ್ತು.

ಇನ್ನು ಮೇಣಗಳ ಸ್ವಭಾವ. ಪ್ಯಾರಾಫಿನ್ ಕಚ್ಚಾ ತೈಲ ಶುದ್ಧೀಕರಣದ ಉಪಉತ್ಪನ್ನ. ನಮ್ಮ ದೇಶದಲ್ಲಿ ಅಸ್ಸಾಮಿನ ದಿಗ್ಬೋಯಿ ಇದಕ್ಕೆ ಹಳೆಯ ಹೆಸರು. ಸಗಟು ಅಂಗಡಿಯಲ್ಲಿ ಇದನ್ನು 58-60 ಎಂದು ಕೇಳಿದರೆ ಕೊಡುತ್ತಾರೆ. ಅದು ಕರಗುವ ಉಷ್ಣತೆ, ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕರಗಿದ ಪ್ಯಾರಾಫಿನ್ ನೀರಿನಂತೆ ತೆಳು, ಬತ್ತಿಯಲ್ಲಿ ಸರಸರನೆ ಏರುತ್ತದೆ. ಆದ್ದರಿಂದ ತೆಳು ಬತ್ತಿ ಸಾಕು.

ಸೋಯಾ ಮೇಣ ಸೋಯಾ ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿ ಮಾಡಿದ್ದು, ಅಮೆರಿಕದಲ್ಲಿ 1990ರ ದಶಕದಲ್ಲಿ ರೂಪುಗೊಂಡಿತು. ಲೋಟಕ್ಕೆ ಸುರಿಯುವ ಬಗೆಯದು 50 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಬೇಗ ಕರಗುವ ಮೇಣಕ್ಕೆ ತೆಳು ಬತ್ತಿ ಸಾಕು ಎಂದು ಇಲ್ಲೇ ಎಷ್ಟೋ ಜನ ಎಡವುತ್ತಾರೆ. ಕರಗಿದ ಸೋಯಾ ಪ್ಯಾರಾಫಿನ್ನಿಗಿಂತ ಮಂದ, ಬತ್ತಿಯಲ್ಲಿ ನಿಧಾನವಾಗಿ ಏರುತ್ತದೆ. ಆದ್ದರಿಂದ ಪ್ಯಾರಾಫಿನ್ನಿಗೆ ಹಾಕಿದ್ದಕ್ಕಿಂತ ದಪ್ಪದ್ದೇ ಬೇಕು. ಇದು ಮೆತ್ತನೆಯ ಮೇಣ, ಲೋಟವಿಲ್ಲದೆ ತಾನಾಗಿ ನಿಲ್ಲದು. ಕಲಬುರಗಿಯ ಬೇಸಿಗೆಯಲ್ಲಿ ಮೇಲೆ ಎಣ್ಣೆ ಬೆವರುವುದೂ ಉಂಟು. ಮೇಲೆ ಬಿಳಿಯ ಹೂವಿನಂತೆ ಮೂಡುವ ಮಚ್ಚೆ ಮಾತ್ರ ದೋಷವಲ್ಲ, ಅದು ಸೋಯಾ ಹರಳುಗಟ್ಟುವ ರೀತಿ.

ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ. ಮೂರರಲ್ಲೂ ಹಟಮಾರಿ ಇದೇ, ಎಲ್ಲಕ್ಕಿಂತ ದಪ್ಪ ಬತ್ತಿ ಕೇಳುತ್ತದೆ. ಹಟ್ಟಿಯಿಂದ ನೇರವಾಗಿ ತಂದ ಮೇಣವಾದರೆ ಇನ್ನೊಂದು ತೊಡಕಿದೆ. ಅದರಲ್ಲಿ ಉಳಿದ ತುಪ್ಪದ ಅಂಶ, ಪರಾಗ, ಅಂಟು ಬತ್ತಿಯ ಎಳೆಗಳ ನಡುವೆ ಸಿಕ್ಕಿಕೊಂಡು ಹೀರುವ ದಾರಿಯನ್ನೇ ಮುಚ್ಚುತ್ತವೆ. ಆಗ ಎಷ್ಟು ದಪ್ಪದ ಬತ್ತಿ ಹಾಕಿದರೂ ಉರಿ ಕುಗ್ಗುತ್ತದೆ. ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ಬಿಲ್ಲೆಯ ತಳದಲ್ಲಿ ಕೂತ ಕೊಳೆಯನ್ನು ಕೆರೆದು ತೆಗೆಯಬೇಕು. ಇದನ್ನು ಎರಡು ಸಲವಾದರೂ ಮಾಡಬೇಕು.

ದಪ್ಪವನ್ನು ಗೊತ್ತುಮಾಡುವುದು ಹೇಗೆ? ಬತ್ತಿಯ ಪೊಟ್ಟಣದ ಮೇಲೆ ಒಂದು ಸಂಖ್ಯೆ ಇರುತ್ತದೆ. ಅದು ಆ ತಯಾರಕರ ಆ ಸರಣಿಯೊಳಗೆ ಮಾತ್ರ ಅರ್ಥಪೂರ್ಣ. ಒಬ್ಬರ ಎಂಟನ್ನು ಇನ್ನೊಬ್ಬರ ಎಂಟರೊಡನೆ ಹೋಲಿಸುವಂತಿಲ್ಲ. ಆದ್ದರಿಂದ ಒಂದೇ ಸರಣಿಯ ಒಂದರ ಪಕ್ಕದ ಒಂದು ಅಳತೆಯವು ನಾಲ್ಕೈದು ಕೊಳ್ಳಿ. ಲೋಟದಲ್ಲಿ ಬೇಕಾದ ಮಟ್ಟಕ್ಕೆ ನೀರು ತುಂಬಿ ಅಳೆಯಿರಿ. ನನ್ನ ಲೋಟಕ್ಕೆ 200 ಮಿಲಿಲೀಟರ್ ಬಂತು. ಪ್ಯಾರಾಫಿನ್ ಮತ್ತು ಸೋಯಾ ನೀರಿಗಿಂತ ಹಗುರ, 180 ಗ್ರಾಂ ಸಾಕು. ಜೇನುಮೇಣ ತುಸು ಭಾರ, 190 ಗ್ರಾಂ ಬೇಕು. ಲೋಟವನ್ನು ಚೆನ್ನಾಗಿ ಒರೆಸಿ ಒಣಗಿಸಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಮೇಣ ಕರಗಿಸಿ, ಒಲೆಯ ಮೇಲೆ ನೇರವಾಗಿ ಇಡಬೇಡಿ. ಅಕಸ್ಮಾತ್ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಎರಚದೆ ಒಲೆ ಆರಿಸಿ ಮುಚ್ಚಳ ಮುಚ್ಚಿ.

ಪರೀಕ್ಷೆಗಾಗಿ ಬತ್ತಿ ಇಲ್ಲದೆಯೇ ಮೇಣ ಸುರಿದುಬಿಡಿ. ಗಟ್ಟಿಯಾದ ಮೇಲೆ ಬಿಸಿ ಮಾಡಿದ ಹೆಣಿಗೆಯ ಕಡ್ಡಿಯಿಂದ ನಡುವೆ ತೂತು ಕೊರೆದು ಒಂದು ಬತ್ತಿ ಇಳಿಸಿ. ಅರ್ಧ ಸೆಂಟಿಮೀಟರ್ ಮೇಲೆ ಉಳಿಯುವಂತೆ ಕತ್ತರಿಸಿ, ಫ್ಯಾನ್ ಆರಿಸಿ ಹಚ್ಚಿ. ಕರಗಿದ ಕೊಳ ಗಂಟೆಗೆ ಸುಮಾರು ಎರಡೂವರೆ ಸೆಂಟಿಮೀಟರ್ ಅಗಲಕ್ಕೆ ಹರಡಬೇಕು ಎಂಬುದು ಕೈಯಳತೆ. ಅಂದರೆ ನನ್ನ ಲೋಟಕ್ಕೆ ಎರಡೂವರೆಯಿಂದ ಮೂರು ಗಂಟೆ. ಸರಿಯಾಗದಿದ್ದರೆ ಆ ಬತ್ತಿ ಕಿತ್ತು, ಮೇಲ್ಮೈ ಸಮ ಮಾಡಿ, ಇನ್ನೊಂದನ್ನು ಇಳಿಸಿ. ಹೀಗೆ ಒಂದೇ ಲೋಟದಲ್ಲಿ ಮೂರು ಬತ್ತಿ ನೋಡಬಹುದು.

ಇಲ್ಲೊಂದು ಎಚ್ಚರ. ಮೇಣ ಅರ್ಧಕ್ಕಿಂತ ಇಳಿದ ಮೇಲೆ ಗಾಜಿನ ಗೋಡೆ ಕಾವನ್ನು ಒಳಗೇ ಹಿಡಿದಿಡುತ್ತದೆ, ಉರಿ ಬಲಿಯುತ್ತದೆ. ಮೊದಲ ಸಲವೇ ಅಂಚಿನವರೆಗೆ ಪೂರ್ತಿ ಕರಗಿಸಿದ ಬತ್ತಿ ಆಗ ಲೋಟವನ್ನು ಮುಟ್ಟಲಾರದಷ್ಟು ಸುಡಿಸಬಹುದು. ಮೊದಲ ಉರಿಯಲ್ಲಿ ಅಂಚಿಗೆ ತೆಳು ಉಂಗುರ ಬಿಡುವ ಬತ್ತಿಯೇ ಲೇಸು. ಕೆಳಗಿಳಿದಾಗ ಅದೂ ಕರಗುತ್ತದೆ. ಆಯ್ಕೆಯಾದ ಬತ್ತಿಯನ್ನು ಬುಡದ ತಗಡಿನ ಬಿಲ್ಲೆಯೊಡನೆ ಹೊಸ ಲೋಟದಲ್ಲಿ ನಿಲ್ಲಿಸಿ, ತಳದವರೆಗೂ ಒಮ್ಮೆ ಉರಿಸಿ ನೋಡದೆ ಯಾರಿಗೂ ಕೊಡಬೇಡಿ. ಸುವಾಸನೆಯ ಎಣ್ಣೆ ಬೆರೆಸುವುದಾದರೆ ಈ ಪರೀಕ್ಷೆ ಮತ್ತೆ ಮೊದಲಿನಿಂದ, ಏಕೆಂದರೆ ಎಣ್ಣೆ ಸೇರಿದ ಮೇಣ ಬತ್ತಿಯಲ್ಲಿ ಬೇರೆಯೇ ರೀತಿ ಏರುತ್ತದೆ.

ನನ್ನ ಮೂರು ಲೋಟಗಳಿಗೆ ಮರಳುತ್ತೇನೆ. ಸೋಯಾದಲ್ಲಿದ್ದ ಬತ್ತಿಯನ್ನು ಹಾಗೇ ಉಳಿಸಿಕೊಂಡೆ. ಪ್ಯಾರಾಫಿನ್ನಿಗೆ ಎರಡು ಅಳತೆ ತೆಳುವಾದದ್ದು ಹಾಕಿದೆ, ಉರಿಯ ಕುಣಿತ ನಿಂತಿತು, ಕಾಡಿಗೆಯೂ ನಿಂತಿತು. ಜೇನುಮೇಣಕ್ಕೆ ಎರಡು ಅಳತೆ ದಪ್ಪದ್ದು ಹಾಕಿದರೂ ಗುಂಡಿ ತುಸು ಅಗಲವಾಯಿತೇ ಹೊರತು ಗೋಡೆ ಕರಗಲಿಲ್ಲ. ಆರುವಾಗ ಕುಗ್ಗಿ ಗಾಜಿನಿಂದ ಬಿಟ್ಟುಕೊಂಡು ಬಿರುಕೂ ಬಿಟ್ಟಿತು. ಅದನ್ನು ಪೂರ್ತಿ ಕರಗಿಸಿ, ಎರಡು ಸೆಂಟಿಮೀಟರ್ ದಪ್ಪದ ಉದ್ದನೆಯ ಕಡ್ಡಿಗಳನ್ನಾಗಿ ಎರಕ ಹೊಯ್ದೆ. ಅಷ್ಟು ಕಿರಿದಾದ ಮೈಗೆ ಚೌಕ ಹೆಣಿಗೆಯ ಸಾಧಾರಣ ಬತ್ತಿಯೇ ಸಾಕಾಯಿತು. ಬೆಲೆಬಾಳುವ ಜೇನುಮೇಣವನ್ನು ಅಗಲ ಲೋಟಕ್ಕೆ ಹಾಕಬೇಡಿ ಎಂದೇ ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಆ ಕಡ್ಡಿ ರಾತ್ರಿ ಊಟದ ಹೊತ್ತಿಗೆ ನೆಟ್ಟಗೆ ನಿಂತು, ಒಂದು ಹನಿಯನ್ನೂ ಸೋರಿಸದೆ, ಸಣ್ಣಗೆ ಜೇನಿನ ಪರಿಮಳ ಬೀರುತ್ತಾ ಉರಿಯಿತು. ನಮ್ಮ ಮನೆಯಲ್ಲಿ ದೀಪವನ್ನು ಬಾಯಿಂದ ಊದಿ ಆರಿಸುವುದಿಲ್ಲ. ಚಿಮಟದ ತುದಿಯಿಂದ ಬತ್ತಿಯನ್ನು ಬಗ್ಗಿಸಿ ಕರಗಿದ ಮೇಣದಲ್ಲಿ ಅದ್ದಿ ಎತ್ತಿ ನೆಟ್ಟಗೆ ಮಾಡಿದೆ. ಹೊಗೆ ಏಳಲಿಲ್ಲ, ಮೇಣ ಹೀರಿದ ಬತ್ತಿ ಮರುದಿನ ಒಂದೇ ಕಡ್ಡಿಗೆ ಹತ್ತಿಕೊಂಡಿತು.