ಆಟ ಮುಗಿದ ಮೇಲೂ ಸಿಗುವ ಮೂವತ್ತು ಸೆಕೆಂಡು

ಕಂಪ್ಯೂಟರಿನಲ್ಲಿ ಆಡುವ ಮಕ್ಕಳ ದೊಡ್ಡ ಸಂಕಟ ಸೋಲಲ್ಲ, ಗೆದ್ದದ್ದನ್ನು ಯಾರಿಗೂ ತೋರಿಸಲಾಗದಿರುವುದು. ತಿಂಗಳುಗಟ್ಟಲೆ ಹೆಣಗಿ ಮೈನ್‌ಕ್ರಾಫ್ಟ್‌ನ ಡ್ರ್ಯಾಗನ್ ಅನ್ನು ಕೊಂದ ಹುಡುಗಿ, ಆ ಕ್ಷಣ ಬರುತ್ತದೆಂದು ಮೊದಲೇ ತಿಳಿದು ರೆಕಾರ್ಡಿಂಗ್ ಹಾಕಿಟ್ಟಿರುವುದಿಲ್ಲ. ಈ ಸಂಕಟಕ್ಕೆ ವಿಂಡೋಸ್ 10 ಮತ್ತು 11ರಲ್ಲಿ ಒಂದು ಪರಿಹಾರವಿದೆ, ಅದಕ್ಕೆ ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. ಹೆಸರು ಗೇಮ್ ಬಾರ್. ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನು ಹಿಡಿದು G ಒತ್ತಿದರೆ, ಆಡುತ್ತಿರುವ ಆಟದ ಮೇಲೆಯೇ ಅದರ ಪುಟ್ಟ ಪಟ್ಟಿಗಳು ತೆರೆದುಕೊಳ್ಳುತ್ತವೆ.

ಆಟದ ನಡುವೆ ಅದನ್ನು ತೆರೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಹಾಗಾಗಿ ಅಭ್ಯಾಸ ಮಾಡಿಕೊಳ್ಳಬೇಕಾದದ್ದು ನೇರ ಕೀಲಿಗಳನ್ನು. Win + Alt + PrtScn ಒತ್ತಿದರೆ ಚಿತ್ರ. Win + Alt + R ಒತ್ತಿದರೆ ವೀಡಿಯೊ ಶುರು, ಅದನ್ನೇ ಮತ್ತೆ ಒತ್ತಿದರೆ ನಿಲುಗಡೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ PrtScn ಬೇರೊಂದು ಕೀಲಿಯೊಡನೆ ಜಾಗ ಹಂಚಿಕೊಂಡಿರುತ್ತದೆ. ಅಲ್ಲಿ Fn ಕೀಲಿಯನ್ನೂ ಜೊತೆಗೆ ಹಿಡಿಯಬೇಕಾಗುತ್ತದೆ.

ಡ್ರ್ಯಾಗನ್ ಕೊಂದ ಹುಡುಗಿಗೆ ಬೇಕಿರುವುದು ಮೂರನೆಯ ಕೀಲಿ, Win + Alt + G. ಇದು ಈಗಾಗಲೇ ನಡೆದುಹೋದದ್ದನ್ನು ಉಳಿಸುತ್ತದೆ. ಆಟ ನಡೆಯುತ್ತಿರುವಷ್ಟು ಹೊತ್ತೂ ವಿಂಡೋಸ್ ಸದ್ದಿಲ್ಲದೆ ರೆಕಾರ್ಡ್ ಮಾಡುತ್ತಿರುತ್ತದೆ. ಆದರೆ ಕೊನೆಯ ಸ್ವಲ್ಪ ಹೊತ್ತಿನದನ್ನು ಮಾತ್ರ ಕೈಯಲ್ಲಿಟ್ಟುಕೊಂಡು, ಹಳೆಯದನ್ನು ಅಳಿಸುತ್ತಾ ಹೋಗುತ್ತದೆ. ಆ ಅವಧಿಯನ್ನು ನಾವು ಬದಲಿಸದಿದ್ದರೆ ಅದು 30 ಸೆಕೆಂಡು. ಕೀಲಿ ಒತ್ತಿದ ಕೂಡಲೇ ಆ ಮೂವತ್ತು ಸೆಕೆಂಡು ಒಂದು ಫೈಲಾಗಿ ನಿಲ್ಲುತ್ತದೆ. ಡ್ರ್ಯಾಗನ್ ಬಿದ್ದ ಮೇಲೆ ಕುಣಿದಾಡಿ ಒಂದು ನಿಮಿಷ ತಡವಾಗಿ ಒತ್ತಿದರೆ ಸಿಗುವುದು ಖಾಲಿ ಮೈದಾನ ಮಾತ್ರ. ಅವಧಿಯನ್ನು ಹಿಗ್ಗಿಸಿಕೊಳ್ಳಬಹುದು, ನಿಮಿಷಗಳವರೆಗೂ.

ಈ ಸೌಲಭ್ಯ ತಾನಾಗಿ ಚಾಲೂ ಇರುವುದಿಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ಸೆಟ್ಟಿಂಗ್ಸ್ ತೆರೆದು Gaming, ಅದರೊಳಗೆ Captures ಎಂಬಲ್ಲಿಗೆ ಹೋಗಬೇಕು. ವಿಂಡೋಸ್ 11ರಲ್ಲಿ Record what happened ಎಂಬ ಸ್ವಿಚ್ ಇದೆ, ವಿಂಡೋಸ್ 10ರಲ್ಲಿ ಅದೇ ಕೆಲಸಕ್ಕೆ ಹಿನ್ನೆಲೆ ರೆಕಾರ್ಡಿಂಗಿನ ಸ್ವಿಚ್. ಅದನ್ನು ಆಟಕ್ಕೆ ಮುಂಚೆಯೇ ಹಾಕಿಟ್ಟಿರಬೇಕು. ಹಳೆಯ, ದುರ್ಬಲ ಕಂಪ್ಯೂಟರಾದರೆ ನಾನು ಇದನ್ನು ಸದಾ ಹಾಕಿಡಲು ಹೇಳುವುದಿಲ್ಲ. ನಿರಂತರ ರೆಕಾರ್ಡಿಂಗ್ ಯಂತ್ರದ ಶಕ್ತಿಯನ್ನು ತಿನ್ನುತ್ತದೆ, ಆಟ ತಡವರಿಸತೊಡಗುತ್ತದೆ. ಅಂಥ ಯಂತ್ರದಲ್ಲಿ ಬೇಕಾದಾಗ ಮಾತ್ರ Win + Alt + R ಒತ್ತುವುದು ಲೇಸು.

ಇನ್ನು ಫೈಲು ಹೋಗುವುದೆಲ್ಲಿಗೆ? ಹುಡುಗಿ ವೀಡಿಯೊದ ಜೊತೆಗೆ ಎರಡು ಚಿತ್ರಗಳನ್ನೂ ತೆಗೆದಿದ್ದಾಳೆ ಅಂದುಕೊಳ್ಳಿ. ಚಿತ್ರವೆಂದ ಮೇಲೆ Pictures ಫೋಲ್ಡರಿನಲ್ಲಿ ಹುಡುಕುತ್ತಾಳೆ, ಅಲ್ಲಿರುವುದಿಲ್ಲ. ಡೌನ್‌ಲೋಡ್ಸ್‌ನಲ್ಲಿಯೂ ಇಲ್ಲ, ಡೆಸ್ಕ್‌ಟಾಪ್‌ನಲ್ಲಿಯೂ ಇಲ್ಲ. ಚಿತ್ರವೇ ಬಿದ್ದಿಲ್ಲವೆಂದು ಮತ್ತೆ ಮತ್ತೆ ತೆಗೆಯುತ್ತಾಳೆ. ಚಿತ್ರಗಳು ಮೊದಲ ಸಲವೇ ಬಿದ್ದಿವೆ, ಆದರೆ ಗೇಮ್ ಬಾರ್ ತಾನು ಹಿಡಿದದ್ದೆಲ್ಲವನ್ನೂ, ಚಿತ್ರವಿರಲಿ ವೀಡಿಯೊವಿರಲಿ, Videos ಫೋಲ್ಡರಿನ ಒಳಗಿನ Captures ಎಂಬಲ್ಲಿ ಇಡುತ್ತದೆ. ಚಿತ್ರಗಳು PNG, ವೀಡಿಯೊಗಳು MP4. ಆ ಜಾಗಕ್ಕೆ ನೇರ ಹೋಗಬೇಕಾದರೆ Win + R ಒತ್ತಿ, ತೆರೆದ ಪುಟ್ಟ ಪೆಟ್ಟಿಗೆಯಲ್ಲಿ ಇದನ್ನು ಟೈಪ್ ಮಾಡಿ ಎಂಟರ್ ಒತ್ತಬೇಕು:

```
%USERPROFILE%\Videos\Captures
```

ಫೈಲಿನ ಹೆಸರು ಆ ಹೊತ್ತಿನ ವಿಂಡೋದ ಹೆಸರಿನಿಂದ ಶುರುವಾಗಿ ದಿನಾಂಕ, ಸಮಯಗಳೊಡನೆ ಮುಗಿಯುತ್ತದೆ. ಫೋಲ್ಡರ್ ತುಂಬಿದ್ದರೆ ಇತ್ತೀಚಿನದು ಮೇಲೆ ಬರುವಂತೆ ತಾರೀಖಿನ ಪ್ರಕಾರ ಜೋಡಿಸಿಕೊಂಡರೆ ಸಾಕು. ಬೇರೆ ದಾರಿಯೂ ಇದೆ. ಸೆಟ್ಟಿಂಗ್ಸ್‌ನ ಅದೇ Captures ಪುಟದಲ್ಲಿ Open folder ಎಂಬ ಬಟನ್ ಇರುತ್ತದೆ, ದಾರಿ ನೆನಪಿಲ್ಲದವರು ಅದನ್ನು ಒತ್ತಬಹುದು.

ಗೊಂದಲಕ್ಕೆ ಇನ್ನೊಂದು ಕಾರಣವಿದೆ. Alt ಇಲ್ಲದೆ ಬರಿಯ Win + PrtScn ಒತ್ತಿದರೂ ಚಿತ್ರ ಬೀಳುತ್ತದೆ, ಆದರೆ ಅದು ಗೇಮ್ ಬಾರಿನದಲ್ಲ. ಅದು ಪೂರ್ತಿ ಪರದೆಯ ಚಿತ್ರ, ಉಳಿಯುವುದು Pictures ಒಳಗಿನ Screenshots ಫೋಲ್ಡರಿನಲ್ಲಿ. ಒಂದೇ ಸಂಜೆ ಎರಡನ್ನೂ ಒತ್ತಿದವರ ಚಿತ್ರಗಳು ಎರಡು ಕಡೆ ಚದುರಿರುತ್ತವೆ. ಕಳೆದುಹೋದ ಚಿತ್ರವನ್ನು ಹುಡುಕುವಾಗ ಯಾವ ಕೀಲಿ ಒತ್ತಿದ್ದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಆಟದ ವೀಡಿಯೊಗಳು ಹಗುರವಲ್ಲ, ಹೆಚ್ಚಿನ ಮನೆಯ ಕಂಪ್ಯೂಟರುಗಳಲ್ಲಿ C ಡ್ರೈವ್ ಚಿಕ್ಕದು. ಡ್ರೈವ್ ತುಂಬತೊಡಗಿದರೆ Captures ಫೋಲ್ಡರನ್ನೇ ಕಟ್ ಮಾಡಿ D ಡ್ರೈವಿನಲ್ಲಿ ಪೇಸ್ಟ್ ಮಾಡಬಹುದು. ವಿಂಡೋಸ್ ಆ ಫೋಲ್ಡರಿನ ಗುರುತು ಇಟ್ಟುಕೊಂಡು, ಮುಂದಿನ ಫೈಲುಗಳನ್ನೂ ಹೊಸ ಜಾಗದಲ್ಲೇ ಉಳಿಸುತ್ತದೆ. ಕಾಪಿ ಮಾಡಿದರೆ ಈ ಉಪಯೋಗವಿಲ್ಲ, ಹೊಸ ಫೈಲುಗಳು ಹಳೆಯ ಕಡೆಗೇ ಹೋಗುತ್ತಿರುತ್ತವೆ. ಕಟ್ ಮಾಡಿದ ಮೇಲೆ ಮೇಲಿನ ಟೈಪಿಂಗ್ ದಾರಿ ಕೆಲಸಕ್ಕೆ ಬರುವುದಿಲ್ಲ, ಸೆಟ್ಟಿಂಗ್ಸ್‌ನ ಬಟನ್ನೇ ಗತಿ. ಆಗಾಗ ಕಿತ್ತುಕೊಳ್ಳುವ ಪೆನ್‌ಡ್ರೈವಿಗೆ ಮಾತ್ರ ಇದನ್ನು ಸಾಗಿಸಬೇಡಿ.

ಆಟವಾಡದವರೂ ಇದನ್ನು ಬಳಸುತ್ತಾರೆ, ಎಕ್ಸೆಲ್ ಕಲಿಸುವ ಮೇಷ್ಟರು, ವೆಬ್‌ಸೈಟಿನ ದೋಷವನ್ನು ದಾಖಲಿಸಬೇಕಾದವರು. ಅವರು ತಿಳಿದಿರಬೇಕಾದ ಮಿತಿಯೊಂದಿದೆ. ಗೇಮ್ ಬಾರ್ ಒಂದು ಸಲಕ್ಕೆ ಒಂದೇ ಅಪ್ಲಿಕೇಶನ್ನಿನ ವಿಂಡೋವನ್ನು ಹಿಡಿಯುತ್ತದೆ. ಎಕ್ಸೆಲ್ ತೋರಿಸುತ್ತಾ ನಡುವೆ ಕ್ರೋಮ್‌ಗೆ ಹೋದರೆ, ಪಾಠವೆಲ್ಲಾ ಕ್ರೋಮ್‌ನಲ್ಲಿ ನಡೆದರೂ ವೀಡಿಯೊದಲ್ಲಿ ಕಾಣುವುದು ಎಕ್ಸೆಲ್ ಒಂದೇ. ಬೇರೆ ವಿಂಡೋಗೆ ಬಂದ ಖಾಸಗಿ ಸಂದೇಶ ವೀಡಿಯೊದಲ್ಲಿ ಬೀಳುವುದಿಲ್ಲ ಎಂಬುದು ಇದರಿಂದ ಸಿಗುವ ಲಾಭ. ಮೌಸಿನ ಬಲಗುಂಡಿ ಒತ್ತಿದಾಗ ತೆರೆಯುವ ಮೆನುಗಳು ಎಷ್ಟೋ ಸಲ ವೀಡಿಯೊದಲ್ಲಿ ಕಾಣದೇ ಹೋಗುತ್ತವೆ, ಅವು ಪ್ರತ್ಯೇಕ ವಿಂಡೋಗಳಾಗಿರುವುದರಿಂದ. ಡೆಸ್ಕ್‌ಟಾಪ್ ಮತ್ತು ಫೈಲ್ ಎಕ್ಸ್‌ಪ್ಲೋರರ್ ಅನ್ನಂತೂ ಗೇಮ್ ಬಾರ್ ರೆಕಾರ್ಡ್ ಮಾಡುವುದೇ ಇಲ್ಲ. ಹಾಗಾಗಿ ಮೇಷ್ಟರು ಮೊದಲು ಒಂದು ನಿಮಿಷದ ಪರೀಕ್ಷಾ ವೀಡಿಯೊ ಮಾಡಿ, Captures ತೆರೆದು, ಧ್ವನಿಯೂ ಕೇಳುತ್ತಿದೆಯೇ ಎಂದು ನೋಡಿಕೊಳ್ಳಲಿ. ಮಾತು ಬಿದ್ದಿಲ್ಲವೆಂದರೆ ಮೈಕ್ ಆಫ್ ಇರಬಹುದು. ರೆಕಾರ್ಡಿಂಗ್ ನಡೆಯುವಾಗ Win + Alt + M ಒತ್ತಿದರೆ ಅದು ಹೊತ್ತಿಕೊಳ್ಳುತ್ತದೆ, ಮತ್ತೆ ಒತ್ತಿದರೆ ನಂದುತ್ತದೆ.

ಕೀಲಿ ಒತ್ತಿದರೂ ಏನೂ ಆಗದಿದ್ದರೆ ಗೇಮ್ ಬಾರ್ ಆಫ್ ಆಗಿದೆಯೇ ಎಂದು ಸೆಟ್ಟಿಂಗ್ಸ್‌ನ Gaming ವಿಭಾಗದಲ್ಲಿ ನೋಡಿ. ms-gamingoverlay ಎಂಬ ಲಿಂಕ್ ತೆರೆಯಲು ಹೊಸ ಆ್ಯಪ್ ಬೇಕೆಂದು ಕಂಪ್ಯೂಟರ್ ಕೇಳಿದರೆ, ಯಾರೋ ಗೇಮ್ ಬಾರನ್ನೇ ತೆಗೆದುಹಾಕಿದ್ದಾರೆ ಎಂದರ್ಥ. ಮೈಕ್ರೊಸಾಫ್ಟ್ ಸ್ಟೋರಿನಲ್ಲಿ Game Bar ಎಂದು ಹುಡುಕಿ ಮತ್ತೆ ಹಾಕಿಕೊಳ್ಳಬಹುದು. ಚಿತ್ರ ಬಿದ್ದು ವೀಡಿಯೊ ಮಾತ್ರ ಬೀಳದಿದ್ದರೆ ಅನುಮಾನ ಗ್ರಾಫಿಕ್ಸ್ ಚಿಪ್ಪಿನ ಮೇಲೆ. ವೀಡಿಯೊವನ್ನು ಆಯಾ ಕ್ಷಣವೇ ಸಂಕುಚಿಸುವ ಕೆಲಸವನ್ನು ಅದೇ ಮಾಡುವುದು, ತೀರ ಹಳೆಯ ಚಿಪ್ಪುಗಳಿಗೆ ಅದು ಸಾಧ್ಯವಿಲ್ಲ. ಚಿಪ್ಪಿನ ಡ್ರೈವರ್ ಹಳತಾಗಿದ್ದರೂ ತೊಂದರೆ ಬರಬಹುದು, ಅದನ್ನು ಹೊಸದಾಗಿಸಿ ನೋಡಿದ ಮೇಲೆ ಚಿಪ್ಪಿನ ವಿಷಯ ತೀರ್ಮಾನಿಸಿ. ನೆಟ್‌ಫ್ಲಿಕ್ಸ್‌ನಂಥ ಕಡೆಯ ಸಿನಿಮಾ ರೆಕಾರ್ಡ್ ಮಾಡಿದಾಗ ಪರದೆ ಬರಿ ಕಪ್ಪಾಗಿ ಬಂದರೆ ಯಂತ್ರ ಕೆಟ್ಟಿಲ್ಲ, ಆ ಸಿನಿಮಾಗಳಿಗೆ ನಕಲು ತಡೆಯುವ ರಕ್ಷಣೆ ಇದೆ.