125ರ ಅಂಕ, 100ರ ಪಟ್ಟಿ

ಕರ್ನಾಟಕದ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಗಳಿಗೆ ತಲಾ 100. ಎಲ್ಲವನ್ನೂ ನೂರರ ಪಟ್ಟಿಗೆ ತರಬೇಕಾದರೆ ಪಡೆದ ಅಂಕವನ್ನು ಗರಿಷ್ಠ ಅಂಕದಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಕನ್ನಡದಲ್ಲಿ ಬಂದ 110 ಆಗ 88 ಆಗುತ್ತದೆ. 110 ಎಂದೇ ಬರೆದುಬಿಟ್ಟರೆ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ. ಆದರೆ 95 ಬಂದವರದ್ದು ಸದ್ದಿಲ್ಲದೆ ದಾಟಿಹೋಗುತ್ತದೆ. ಅಸಲಿಗೆ ಅದು 76. ಅದಕ್ಕೇ ಪಟ್ಟಿಯಲ್ಲಿ ಗರಿಷ್ಠ ಅಂಕಕ್ಕೂ ಒಂದು ಕಾಲಂ ಇರಬೇಕು.

ಉಳಿದ ಐದರ ಮೊತ್ತ 394 ಎನ್ನಿ. ಮೂಲ ಲೆಕ್ಕದಲ್ಲಿ 625ಕ್ಕೆ 504, ಅಂದರೆ ಶೇ. 80.64. ನೂರಕ್ಕಿಳಿಸಿದ ಆರು ಅಂಕಗಳ ಸರಾಸರಿ ತೆಗೆದರೆ 80.33. ಭಾಷೆಗಿದ್ದ ಹೆಚ್ಚಿನ ತೂಕ ಹೋಯಿತಲ್ಲ! ಒಟ್ಟು ಶೇಕಡಾವಾರಿಗೆ ಮೂಲ ಅಂಕಗಳನ್ನೇ ಕೂಡಬೇಕು.